ಒಂದು ಕ್ಯೂಬಿಕ್ ಮೀಟರ್ ಕಾಂಕ್ರೀಟಿಗೆ ಎಷ್ಟು ಕೆಜಿ ಕಬ್ಬಿಣ? ಎಸ್ಟಿಮೇಟ್ ಲೆಕ್ಕ ಸರಿ ಇದೆಯಾ ಅಂತ ನೋಡುವ ಬಗೆ

ಮನೆ ಕಟ್ಟಿಸುವವರ ಕೈಗೆ ಎಸ್ಟಿಮೇಟ್ ಬರುತ್ತದೆ. ಅದರಲ್ಲಿ ಒಂದು ಸಾಲು: "ಮೌಲ್ಡಿಗೆ ಕಬ್ಬಿಣ, 1,750 ಕೆಜಿ". ಇದು ಜಾಸ್ತಿನಾ, ಕಡಿಮೆನಾ? ಆ ಸಂಖ್ಯೆಯನ್ನು ಎಷ್ಟು ಹೊತ್ತು ನೋಡಿದರೂ ಗೊತ್ತಾಗುವುದಿಲ್ಲ. ನಮ್ಮಲ್ಲಿ ಕಂಟ್ರಾಕ್ಟರುಗಳು ಸಾಮಾನ್ಯವಾಗಿ ಚದರದ ಲೆಕ್ಕ ಹೇಳುತ್ತಾರೆ, ನೂರು ಚದರಡಿಗೆ ಇಷ್ಟು ಕೆಜಿ ಅಂತ. ಒಟ್ಟು ಖರ್ಚಿನ ಅಂದಾಜಿಗೆ ಅದು ಸಾಕು. ಆದರೆ ತಪ್ಪು ಹುಡುಕಲು ಬರುವುದಿಲ್ಲ. ಪಿಲ್ಲರಿನಲ್ಲಿ ಬಿಟ್ಟುಹೋದ ಕಬ್ಬಿಣವನ್ನು ಸ್ಲ್ಯಾಬಿನಲ್ಲಿ ಜಾಸ್ತಿ ಬರೆದ ಕಬ್ಬಿಣ ಮುಚ್ಚಿಹಾಕುತ್ತದೆ. ಒಟ್ಟು ಮಾತ್ರ ಚೆನ್ನಾಗಿ ಕಾಣುತ್ತದೆ.

ಇದಕ್ಕಿಂತ ಒಳ್ಳೆಯ ಅಳತೆ ಒಂದಿದೆ. ಒಂದೊಂದು ಭಾಗದ ಕಬ್ಬಿಣದ ತೂಕವನ್ನು ಅದೇ ಭಾಗದ ಕಾಂಕ್ರೀಟಿನಿಂದ ಭಾಗಿಸಿ ನೋಡುವುದು. ಸ್ಲ್ಯಾಬಿಗೆ ಬೇರೆ, ಬೀಮಿಗೆ ಬೇರೆ, ಪಿಲ್ಲರಿಗೆ ಬೇರೆ, ಫುಟಿಂಗಿಗೆ ಬೇರೆ. ಕ್ಯಾಲ್ಕುಲೇಟರ್ ಇದ್ದರೆ ಹತ್ತು ನಿಮಿಷದ ಕೆಲಸ. ಈ ಲೇಖನದಲ್ಲಿ ಎರಡು ಅಂತಸ್ತಿನ ಒಂದು ಸಾಧಾರಣ ಮನೆಯ ಉದಾಹರಣೆ ಇಟ್ಟುಕೊಂಡು ಅದನ್ನು ಮಾಡಿ ನೋಡೋಣ.

ಒಂದು ಮಾತು ಮೊದಲೇ. ಈ ಲೆಕ್ಕದಿಂದ ಮನೆ ಗಟ್ಟಿ ಇದೆಯೇ ಎಂದು ಹೇಳಲು ಆಗುವುದಿಲ್ಲ. ಅದು ಸ್ಟ್ರಕ್ಚರಲ್ ಎಂಜಿನಿಯರ್ ಕೆಲಸ. ಲೆಕ್ಕದಲ್ಲಿ ದೊಡ್ಡ ಎಡವಟ್ಟು ಏನಾದರೂ ಆಗಿದೆಯಾ, ಆಗಿದ್ದರೆ ಎಲ್ಲಿ ಹುಡುಕಬೇಕು ಅನ್ನುವುದಷ್ಟೇ ಇದರಿಂದ ಸಿಗುತ್ತದೆ.

ಕೈಯಲ್ಲಿ ಏನಿರಬೇಕು

ಒಂದು ಕ್ಯೂಬಿಕ್ ಮೀಟರ್ ಕಬ್ಬಿಣದ ತೂಕ 7,850 ಕೆಜಿ. ಹಾಗಾಗಿ ಕಾಂಕ್ರೀಟಿನ ಗಾತ್ರದಲ್ಲಿ ನೂರಕ್ಕೆ ಒಂದು ಭಾಗ ಕಬ್ಬಿಣವಿದ್ದರೆ ಅದು 78.5 ಕೆಜಿ. ಈ ಒಂದು ಸಂಖ್ಯೆ ಬಾಯಿಪಾಠ ಆಗಿರಲಿ. ಎಂಜಿನಿಯರುಗಳು ಶೇಕಡಾ ಲೆಕ್ಕದಲ್ಲಿ ಮಾತಾಡುತ್ತಾರೆ, ನಾವು ಕೆಜಿಯಲ್ಲಿ ಕೊಳ್ಳುತ್ತೇವೆ. ಎರಡನ್ನೂ ಜೋಡಿಸುವುದು ಇದೇ.

ಕಂಬಿಯ ತೂಕಕ್ಕೆ ಎಲ್ಲ ಸೈಟಿನಲ್ಲೂ ಬಳಸುವ ಸೂತ್ರ ಇದು. ಇಲ್ಲಿ `d` ಅಂದರೆ ಕಂಬಿಯ ದಪ್ಪ, ಮಿಲಿಮೀಟರಿನಲ್ಲಿ. ಉತ್ತರ ಒಂದು ಮೀಟರ್ ಕಂಬಿಗೆ ಎಷ್ಟು ಕೆಜಿ ಅನ್ನುವುದು.

```
d × d / 162
```

8 ಎಂಎಂ ಕಂಬಿ ಮೀಟರಿಗೆ 0.395 ಕೆಜಿ, 10 ಎಂಎಂ 0.617, 12 ಎಂಎಂ 0.888, 16 ಎಂಎಂ 1.58. ಮನೆ ಕೆಲಸದಲ್ಲಿ ಬಹುಪಾಲು ಈ ನಾಲ್ಕರಲ್ಲೇ ಮುಗಿಯುತ್ತದೆ.

ಇದರ ಜೊತೆಗೆ ಬೇಕಾದದ್ದು ಎರಡು. ಒಂದು, ಸ್ಟ್ರಕ್ಚರಲ್ ಡ್ರಾಯಿಂಗ್. ಇನ್ನೊಂದು, ಕಂಬಿ ಎಷ್ಟು, ಎಷ್ಟುದ್ದ, ಯಾವ ದಪ್ಪ ಎಂದು ಬರೆದ ಪಟ್ಟಿ. ಸೈಟಿನಲ್ಲಿ ಇದಕ್ಕೆ ಬಿಬಿಎಸ್ ಅನ್ನುತ್ತಾರೆ. ಬಿಬಿಎಸ್ ಕೊಡದೆ ಒಟ್ಟು ಟನ್ ಮಾತ್ರ ಹೇಳಿದರೆ, ಭಾಗಭಾಗವಾಗಿ ಬರೆದು ಕೊಡಿ ಎಂದು ಕೇಳಿ. ಲೆಕ್ಕ ಮಾಡಿಯೇ ಟನ್ ಹೇಳಿದ್ದರೆ ಆ ಪಟ್ಟಿ ಅವರ ಹತ್ತಿರ ಇದ್ದೇ ಇರುತ್ತದೆ.

ಸ್ಲ್ಯಾಬಿನಿಂದ ಶುರು ಮಾಡಿ

ನಮ್ಮ ಉದಾಹರಣೆಯ ಚಾವಣಿ 9 ಮೀಟರ್ ಅಗಲ, 11 ಮೀಟರ್ ಉದ್ದ. ಅಂದರೆ 99 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹತ್ತೂವರೆ ಚದರಕ್ಕಿಂತ ಸ್ವಲ್ಪ ಜಾಸ್ತಿ. ಸ್ಲ್ಯಾಬ್ ದಪ್ಪ 125 ಎಂಎಂ, ಅಂದರೆ 5 ಇಂಚು. ಕಾಂಕ್ರೀಟ್ 12.4 ಕ್ಯೂಬಿಕ್ ಮೀಟರ್.

ಡ್ರಾಯಿಂಗಿನಲ್ಲಿ ಒಂದು ದಿಕ್ಕಿಗೆ 10 ಎಂಎಂ ಕಂಬಿ 150 ಎಂಎಂಗೊಂದು, ಇನ್ನೊಂದು ದಿಕ್ಕಿಗೆ 8 ಎಂಎಂ ಕಂಬಿ 200 ಎಂಎಂಗೊಂದು ಅಂತಿದೆ. ಮೇಸ್ತ್ರಿಯ ಮಾತಿನಲ್ಲಿ ಆರಿಂಚಿಗೊಂದು, ಎಂಟಿಂಚಿಗೊಂದು. ಇಡೀ ಚಾವಣಿ ಬಿಡಿ, ಒಂದೇ ಒಂದು ಚದರ ಮೀಟರ್ ತೆಗೆದುಕೊಳ್ಳಿ. ಒಂದು ಮೀಟರ್ ಅಗಲದಲ್ಲಿ 150 ಎಂಎಂಗೊಂದರಂತೆ ಸರಾಸರಿ 6.67 ಕಂಬಿ ಬರುತ್ತವೆ. ಅದನ್ನು 0.617ರಿಂದ ಗುಣಿಸಿದರೆ 4.11 ಕೆಜಿ. ಇನ್ನೊಂದು ದಿಕ್ಕಿಗೆ 5 ಕಂಬಿ, 0.395ರಂತೆ 1.98 ಕೆಜಿ. ಎರಡೂ ಸೇರಿ 6.09 ಕೆಜಿ. ಒಂದು ಚದರ ಮೀಟರಿನಲ್ಲಿ ಇರುವ ಕಾಂಕ್ರೀಟ್ 0.125 ಕ್ಯೂಬಿಕ್ ಮೀಟರ್. ಭಾಗಿಸಿದರೆ ಸುಮಾರು 49.

ಆದರೆ ಈ 49 ಬರೀ ಕೆಳಗಿನ ಜಾಲರಿಯದ್ದು. ಬೀಮಿನ ಮೇಲೆ ಸ್ಲ್ಯಾಬ್ ಹಾದುಹೋಗುವ ಕಡೆ ಮೇಲ್ಭಾಗದಲ್ಲಿ ಎಕ್ಸ್‌ಟ್ರಾ ಕಂಬಿ ಬೇಕು. ಆ ಎಕ್ಸ್‌ಟ್ರಾ ಕಂಬಿಗಳನ್ನು ಹಿಡಿದಿಡಲು ಅಡ್ಡ ಕಂಬಿ ಬೇಕು. ಕ್ರ್ಯಾಂಕ್ ಮಾಡಿದ, ಅಂದರೆ ಓರೆಯಾಗಿ ಮೇಲಕ್ಕೆ ಬಗ್ಗಿಸಿದ ಕಂಬಿಗೆ ಉದ್ದ ಜಾಸ್ತಿ ಹೋಗುತ್ತದೆ. 12 ಮೀಟರ್ ಕಂಬಿ ಸಾಲದ ಕಡೆ ಜೋಡಣೆಗೆ ಲ್ಯಾಪ್ ಬೇಕು, ಅಂದರೆ ಎರಡು ಕಂಬಿಯ ತುದಿಗಳು ಸ್ವಲ್ಪ ಉದ್ದ ಅಕ್ಕಪಕ್ಕ ಹಾಯಬೇಕು. ತುದಿಯಲ್ಲಿ ಬೀಮಿನೊಳಗೆ ಬಗ್ಗಿಸಿ ಇಳಿಸಬೇಕು. ಇವೆಲ್ಲ ಸೇರಿ ಜಾಲರಿಯ ತೂಕದ ಮೇಲೆ ಮೂವತ್ತರಿಂದ ಐವತ್ತು ಪರ್ಸೆಂಟ್ ಏರುವುದು ಮಾಮೂಲು. ನಮ್ಮ ಚಾವಣಿಯ ಬಿಬಿಎಸ್‌ನಲ್ಲಿ ಸ್ಲ್ಯಾಬಿಗೆ 850 ಕೆಜಿ ಬರೆದಿದೆ. 850ನ್ನು 12.4ರಿಂದ ಭಾಗಿಸಿದರೆ 69. ಸರಿಯಾದ ಜಾಗದಲ್ಲೇ ಇದೆ. ಮನೆ ಸ್ಲ್ಯಾಬುಗಳು ಸಾಮಾನ್ಯವಾಗಿ 55ರಿಂದ 85 ಕೆಜಿಯ ನಡುವೆ ಬೀಳುತ್ತವೆ.

ಈಗ ಗಮನಿಸಬೇಕಾದದ್ದು ಒಂದಿದೆ. ಇದೇ ಚಾವಣಿಗೆ ಯಾರಾದರೂ 600 ಕೆಜಿ ಎಂದು ಬರೆದುಕೊಟ್ಟಿದ್ದರೆ? 6.09 ಕೆಜಿಯನ್ನು 99ರಿಂದ ಗುಣಿಸಿ, 603 ಬರುತ್ತದೆ. ಅಂದರೆ ಅವರು ಕೆಳಗಿನ ಜಾಲರಿಯನ್ನಷ್ಟೇ ಲೆಕ್ಕ ಹಾಕಿದ್ದಾರೆ. ಮೇಲಿನ ಎಕ್ಸ್‌ಟ್ರಾ ಕಂಬಿ ಪಟ್ಟಿಯಲ್ಲೇ ಇಲ್ಲ. ಪಟ್ಟಿಯಲ್ಲಿ ಇಲ್ಲದ ಕಬ್ಬಿಣ ಲಾರಿಯಲ್ಲೂ ಬರುವುದಿಲ್ಲ. ಮೌಲ್ಡ್ ಹಾಕುವ ಹಿಂದಿನ ದಿನ ಕಂಬಿ ಸಾಲದೆ, ಇರುವುದನ್ನೇ ದೂರ ದೂರ ಕಟ್ಟಿ ಮುಗಿಸುವ ಪರಿಸ್ಥಿತಿ ಬರುವುದು ಹೀಗೆ. ಆಮೇಲೆ ಬೀಮಿನ ನೇರಕ್ಕೆ ಚಾವಣಿ ಮೇಲೆ ಉದ್ದಕ್ಕೂ ಬಿರುಕು ಕಾಣಿಸಿಕೊಳ್ಳುತ್ತದೆ. ಹಾಗಾಗಿ ಬರೀ ಜಾಲರಿಯ ತೂಕ ಎಷ್ಟು ಎಂದು ಮೊದಲು ತೆಗೆದಿಟ್ಟುಕೊಳ್ಳಿ. ಪಟ್ಟಿಯ ತೂಕ ಅದಕ್ಕೆ ತೀರಾ ಹತ್ತಿರ ಇದ್ದರೆ ಏನೋ ಬಿಟ್ಟುಹೋಗಿದೆ ಅಂತಲೇ ಅರ್ಥ.

ಸ್ಲ್ಯಾಬ್ ದಪ್ಪ ಬದಲಾದರೆ ಈ ಸಂಖ್ಯೆಯೂ ಬದಲಾಗುತ್ತದೆ. ಅದೇ ಕಂಬಿ ಇಟ್ಟು ದಪ್ಪ 150 ಎಂಎಂ ಮಾಡಿದರೆ 69 ಹೋಗಿ 57 ಆಗುತ್ತದೆ. 100 ಎಂಎಂ ಮಾಡಿದರೆ 86ಕ್ಕೆ ಏರುತ್ತದೆ. ಕಬ್ಬಿಣ ಒಂದು ಗ್ರಾಮೂ ಬದಲಾಗಿಲ್ಲ. 86 ಇರುವ ಸ್ಲ್ಯಾಬ್ 57 ಇರುವುದಕ್ಕಿಂತ ಗಟ್ಟಿ ಅಂತ ಹೇಳುವ ಹಾಗಿಲ್ಲ, ಇಲ್ಲಿ ತೆಳ್ಳಗಿರುವುದೇ ದುರ್ಬಲ. ಪಕ್ಕದ ಮನೆಯವರ ಸಂಖ್ಯೆಯ ಜೊತೆ ನಿಮ್ಮದನ್ನು ಹೋಲಿಸುವ ಮುಂಚೆ ಅವರ ಸ್ಲ್ಯಾಬ್ ಎಷ್ಟು ದಪ್ಪ ಎಂದು ಕೇಳಿ.

ಬೀಮಿನಲ್ಲಿ ಭಾಗಿಸುವ ಕಾಂಕ್ರೀಟ್ ಯಾವುದು?

ಅತಿ ಹೆಚ್ಚು ಗೊಂದಲ ಆಗುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ನಮ್ಮ ಮನೆಯ ಬೀಮ್ 230 × 450 ಎಂಎಂ, ಅಂದರೆ 9 ಇಂಚು × 18 ಇಂಚು. ಈ 450ರಲ್ಲಿ ಮೇಲಿನ 125 ಎಂಎಂ ಸ್ಲ್ಯಾಬಿನೊಳಗೇ ಇರುತ್ತದೆ. ಸೆಂಟ್ರಿಂಗ್ ಹಲಗೆಯಿಂದ ಕೆಳಗೆ ಇಳಿದು ಕಾಣುವುದು 325 ಎಂಎಂ ಮಾತ್ರ.

ಒಂದು ಮೀಟರ್ ಬೀಮಿನಲ್ಲಿ ಎಷ್ಟು ಕಬ್ಬಿಣ ಇದೆ ನೋಡಿ. ಕೆಳಗೆ 16 ಎಂಎಂ ಮೂರು ಕಂಬಿ, 4.74 ಕೆಜಿ. ಮೇಲೆ 12 ಎಂಎಂ ಎರಡು, 1.78 ಕೆಜಿ. ಪಿಲ್ಲರಿನ ಹತ್ತಿರ ಮೇಲ್ಭಾಗದಲ್ಲಿ 16 ಎಂಎಂ ಎರಡು ಎಕ್ಸ್‌ಟ್ರಾ ಇವೆ. ಅವು ಬೀಮಿನ ಅರ್ಧ ಉದ್ದಕ್ಕೆ ಮಾತ್ರ ಇರುವುದರಿಂದ ಸರಾಸರಿ 1.58 ಕೆಜಿ. 8 ಎಂಎಂ ರಿಂಗ್ 150 ಎಂಎಂಗೊಂದು. ಒಂದು ರಿಂಗಿಗೆ ಕೊಕ್ಕೆ ಸೇರಿ 1.32 ಮೀಟರ್ ಕಂಬಿ ಬೇಕು, ಮೀಟರಿಗೆ 3.48 ಕೆಜಿ ಆಯಿತು. ಒಟ್ಟು 11.6 ಕೆಜಿ. ಲ್ಯಾಪು, ತುದಿಯ ಬಾಗು ಸೇರಿದರೆ ಹನ್ನೆರಡೂವರೆ ಕೆಜಿ ಹತ್ತಿರ ಹೋಗುತ್ತದೆ. ಇದರಲ್ಲಿ ರಿಂಗಿನ ಪಾಲೇ ಕಾಲು ಭಾಗಕ್ಕಿಂತ ಜಾಸ್ತಿ ಅನ್ನುವುದನ್ನು ನೆನಪಿಡಿ. ರಿಂಗ್ ಸಣ್ಣದು ಅಂತ ಅದನ್ನು ಅಂದಾಜಿಗೆ ಬಿಡುವವರು ಬಹಳ.

ಚಾವಣಿಯಲ್ಲಿ ಒಟ್ಟು 72 ಮೀಟರ್ ಬೀಮ್ ಇದೆ. ಕಬ್ಬಿಣ 900 ಕೆಜಿ. ಈಗ ಕಾಂಕ್ರೀಟ್ ಎಷ್ಟು? ಪೂರ್ತಿ 450 ಎಂಎಂ ಹಿಡಿದರೆ 7.45 ಕ್ಯೂಬಿಕ್ ಮೀಟರ್, ಉತ್ತರ 121. ಸ್ಲ್ಯಾಬಿನ ಕೆಳಗಿನ 325 ಎಂಎಂ ಮಾತ್ರ ಹಿಡಿದರೆ 5.38 ಕ್ಯೂಬಿಕ್ ಮೀಟರ್, ಉತ್ತರ 167. ಬೀಮ್ ಅದೇ, ಕಬ್ಬಿಣ ಅದೇ. ಎರಡು ಉತ್ತರವೂ ಸರಿ. ಯಾವ ಅಳತೆ ಹಿಡಿದಿದ್ದೀರಿ ಅನ್ನುವುದನ್ನು ಪಕ್ಕದಲ್ಲಿ ಬರೆಯದಿದ್ದರೆ ಮಾತ್ರ ತಪ್ಪು.

ನನ್ನ ಸಲಹೆ: ಸ್ಲ್ಯಾಬನ್ನು ಗೋಡೆಯಿಂದ ಗೋಡೆಗೆ ಪೂರ್ತಿ ಅಳೆಯಿರಿ, ಬೀಮನ್ನು ಸ್ಲ್ಯಾಬಿನ ಕೆಳಗೆ ಮಾತ್ರ ಅಳೆಯಿರಿ. ಕಾಂಕ್ರೀಟ್ ಬಿಲ್ಲನ್ನೂ ಹೆಚ್ಚಿನವರು ಹೀಗೆಯೇ ಮಾಡುತ್ತಾರೆ, ಹಾಗಾಗಿ ಆ ಸಂಖ್ಯೆ ಈಗಾಗಲೇ ಸಿದ್ಧ ಇರುತ್ತದೆ. ಬೀಮನ್ನು ಪೂರ್ತಿ ಎತ್ತರಕ್ಕೆ ಅಳೆದರೆ ಅಷ್ಟು ಕಾಂಕ್ರೀಟನ್ನು ಸ್ಲ್ಯಾಬಿನಿಂದ ಕಳೆಯಬೇಕು. ಕಳೆಯಲು ಮರೆತರೆ ಎರಡು ಕ್ಯೂಬಿಕ್ ಮೀಟರ್ ಕಾಂಕ್ರೀಟ್ ಎರಡೆರಡು ಸಲ ಲೆಕ್ಕಕ್ಕೆ ಬರುತ್ತದೆ. ಪೂರ್ತಿ ಎತ್ತರದ ಲೆಕ್ಕದಲ್ಲಿ ಮನೆ ಬೀಮಿಗೆ 110ರಿಂದ 160, ಸ್ಲ್ಯಾಬಿನ ಕೆಳಗಿನ ಲೆಕ್ಕದಲ್ಲಿ 140ರಿಂದ 210 ಬಂದರೆ ಗಾಬರಿ ಬೇಡ.

ಈಗ ಮೊದಲು ಕೇಳಿದ 1,750 ಕೆಜಿಗೆ ಬನ್ನಿ. ಸ್ಲ್ಯಾಬಿನ 850, ಬೀಮಿನ 900, ಎರಡೂ ಸೇರಿ 1,750. ಸ್ಲ್ಯಾಬು ಬೀಮು ಒಟ್ಟಿಗೇ ಕಾಂಕ್ರೀಟ್ ಹಾಕುವುದರಿಂದ ಎಸ್ಟಿಮೇಟಿನಲ್ಲಿ "ಮೌಲ್ಡ್" ಎಂದು ಒಂದೇ ಸಾಲು ಬರೆಯುತ್ತಾರೆ. ಅದನ್ನು ಸ್ಲ್ಯಾಬಿನ 12.4 ಕ್ಯೂಬಿಕ್ ಮೀಟರಿನಿಂದ ಭಾಗಿಸಿದರೆ 141 ಬಂದು, ಸ್ಲ್ಯಾಬಿಗೆ ಡಬಲ್ ಕಬ್ಬಿಣ ಹಾಕಿದ್ದಾರೆ ಅನ್ನಿಸುತ್ತದೆ. ಬೀಮಿನ ಕಾಂಕ್ರೀಟ್ ಸೇರಿಸಿ 17.8ರಿಂದ ಭಾಗಿಸಿದರೆ 98. ಕಂಟ್ರಾಕ್ಟರ್ ಜೊತೆ ಜಗಳಕ್ಕೆ ಇಳಿಯುವ ಮುಂಚೆ ಇದೊಂದನ್ನು ನೋಡಿಕೊಳ್ಳಿ. ಭಾಗಾಕಾರದಲ್ಲಿ ಮೇಲೆ ಯಾವ ಭಾಗದ ಕಬ್ಬಿಣ ಇದೆಯೋ ಕೆಳಗೆ ಅದೇ ಭಾಗದ ಕಾಂಕ್ರೀಟ್ ಇರಬೇಕು.

ಪಿಲ್ಲರ್: ಉದ್ದ ಕಂಬಿಯ ಶೇಕಡಾ ಸಾಲದು

ಪಿಲ್ಲರಿಗೆ ಕನಿಷ್ಠ ಎಷ್ಟು ಕಬ್ಬಿಣ ಅಂತ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ಉದ್ದ ಕಂಬಿಗಳ ಒಟ್ಟು ಅಡ್ಡಕೊಯ್ತ ಪಿಲ್ಲರಿನ ಅಡ್ಡಕೊಯ್ತದ 0.8 ಪರ್ಸೆಂಟಿಗಿಂತ ಕಡಿಮೆ ಇರಬಾರದು. 78.5ರ ಲೆಕ್ಕದಲ್ಲಿ ಅದು 63 ಕೆಜಿ. ಇದರ ಮೇಲೆ ರಿಂಗ್ ಬರಬೇಕು, ಲ್ಯಾಪ್ ಬರಬೇಕು. ಹಾಗಾಗಿ ಎಲ್ಲ ಸೇರಿದ ಮೇಲೂ ಪಿಲ್ಲರಿನ ಸಂಖ್ಯೆ 90ಕ್ಕಿಂತ ಕೆಳಗಿದ್ದರೆ ಅಲ್ಲೇ ನಿಂತು ಎಂಜಿನಿಯರನ್ನು ಕೇಳಿ. ಸ್ಲ್ಯಾಬಿನಲ್ಲಿ ಸಂಖ್ಯೆ ಕಡಿಮೆ ಬರಲು ಹತ್ತು ಒಳ್ಳೆಯ ಕಾರಣ ಇರಬಹುದು. ಪಿಲ್ಲರಿನಲ್ಲಿ ಇರುವುದು ಕಷ್ಟ.

ನಮ್ಮ ಮನೆಯ ಪಿಲ್ಲರ್ 230 × 450 ಎಂಎಂ, 16 ಎಂಎಂ ಆರು ಕಂಬಿ. ಉದ್ದ ಕಂಬಿ ಮೀಟರಿಗೆ 9.48 ಕೆಜಿ, ಕಾಂಕ್ರೀಟ್ 0.1035 ಕ್ಯೂಬಿಕ್ ಮೀಟರ್. ಭಾಗಿಸಿದರೆ 92. ಪರ್ಸೆಂಟಿನಲ್ಲಿ ಹೇಳಿದರೆ 1.17.

ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದೆ ನೋಡಿ. 8 ಎಂಎಂ ರಿಂಗ್ 150 ಎಂಎಂಗೊಂದು, ಜೊತೆಗೆ ನಡುವಿನ ಎರಡು ಕಂಬಿ ಹಿಡಿಯಲು ಒಂದು ಅಡ್ಡ ಕೊಕ್ಕೆ. ಇವೆರಡೂ ಸೇರಿ ಕ್ಯೂಬಿಕ್ ಮೀಟರಿಗೆ 38 ಕೆಜಿ. ಇನ್ನು ಲ್ಯಾಪ್. ಡ್ರಾಯಿಂಗಿನಲ್ಲಿ ಕಂಬಿಯ ದಪ್ಪದ 50 ಪಟ್ಟು ಎಂದಿದ್ದರೆ 16 ಎಂಎಂಗೆ 800 ಎಂಎಂ. ಅಂತಸ್ತಿನ ಎತ್ತರ 3 ಮೀಟರ್. ಅಂದರೆ ಪ್ರತಿ 3 ಮೀಟರಿಗೆ 0.8 ಮೀಟರ್ ಕಂಬಿ ಜೋಡಣೆಗೇ ಹೋಗುತ್ತದೆ. ಅದು ಕ್ಯೂಬಿಕ್ ಮೀಟರಿಗೆ 24 ಕೆಜಿ. ಒಟ್ಟು 154.

92 ಎಲ್ಲಿ, 154 ಎಲ್ಲಿ! ಡ್ರಾಯಿಂಗಿನ ಪರ್ಸೆಂಟ್ ನೋಡಿ ಕಬ್ಬಿಣ ತರಿಸಿದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೊರತೆ ಬೀಳುತ್ತದೆ. ಎರಡು ಮೂರು ಅಂತಸ್ತಿನ ಮನೆಗಳಲ್ಲಿ ಪಿಲ್ಲರಿಗೆ 130ರಿಂದ 220 ಕೆಜಿ ಮಾಮೂಲಿ ಅನ್ನಬಹುದು. ಕೆಳಗಿನ ಅಂತಸ್ತಿನಲ್ಲಿ ಜಾಸ್ತಿ, ಮೇಲೆ ಹೋದಂತೆ ಕಡಿಮೆ.

250 ದಾಟಿದರೆ ಎರಡು ಪ್ರಶ್ನೆ ಕೇಳಿ. ಲ್ಯಾಪನ್ನು ಎರಡು ಸಲ ಸೇರಿಸಿದ್ದಾರಾ? ಕೆಳಗಿನ ಕಂಬಿಯ ಮೇಲ್ತುದಿಗೆ ಒಂದು ಸಲ, ಮೇಲಿನ ಕಂಬಿಯ ಕೆಳತುದಿಗೆ ಇನ್ನೊಂದು ಸಲ ಬರೆಯುವುದು ಬಿಬಿಎಸ್‌ನಲ್ಲಿ ಆಗಾಗ ಕಾಣುವ ತಪ್ಪು. ಅದಲ್ಲದಿದ್ದರೆ, ಪಿಲ್ಲರ್ ತೀರಾ ಸಣ್ಣದಾಗಿ, ಕಬ್ಬಿಣ ತುಂಬಿಸಿ ಸರಿದೂಗಿಸಿದ್ದಾರಾ? 9 × 9 ಇಂಚಿನ ಪಿಲ್ಲರಿನಲ್ಲಿ ಎಂಟು ಕಂಬಿ ನಿಲ್ಲಿಸಿದರೆ ಲ್ಯಾಪ್ ಇರುವ ಜಾಗದಲ್ಲಿ ಹದಿನಾರು ಕಂಬಿ ಆಗುತ್ತವೆ. ಅಲ್ಲಿ 20 ಎಂಎಂ ಜಲ್ಲಿ ಇಳಿಯುವುದಿಲ್ಲ, ವೈಬ್ರೇಟರ್ ಸೂಜಿ ಹೋಗುವುದಿಲ್ಲ, ಹಲಗೆ ಬಿಚ್ಚಿದಾಗ ಬುಡದಲ್ಲಿ ಜಲ್ಲಿ ಜಲ್ಲಿಯಾಗಿ ಟೊಳ್ಳು ಕಾಣುತ್ತದೆ. ಕಬ್ಬಿಣ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅನ್ನುವವರಿಗೆ ನಾನು ತೋರಿಸುವುದು ಇದನ್ನೇ.

ಭೂಕಂಪದ ವಲಯವೂ ಈ ಸಂಖ್ಯೆಯನ್ನು ಬದಲಿಸುತ್ತದೆ. ಐಎಸ್ 1893ರ 2016ರ ಆವೃತ್ತಿಯಲ್ಲಿ ಬೆಂಗಳೂರು ಎರಡನೇ ವಲಯದಲ್ಲಿದೆ, ಮಂಗಳೂರು ಬೆಳಗಾವಿ ಮೂರರಲ್ಲಿವೆ. ಮೂರನೇ ವಲಯದಲ್ಲಿ ಐಎಸ್ 13920ರಂತೆ ಪಿಲ್ಲರಿನ ಮೇಲೆ ಕೆಳಗೆ ರಿಂಗುಗಳನ್ನು ಹತ್ತಿರ ಹತ್ತಿರ ಇಡಬೇಕು. ನಮ್ಮ ಪಿಲ್ಲರಿನಲ್ಲೇ 150 ಎಂಎಂಗೊಂದು ಇದ್ದ ರಿಂಗನ್ನು 100 ಎಂಎಂಗೊಂದು ಮಾಡಿದ ಭಾಗದಲ್ಲಿ 38 ಹೋಗಿ 57 ಆಗುತ್ತದೆ. ಹಾಗಾಗಿ ಮಂಗಳೂರಿನ ಪಿಲ್ಲರಿನ ಸಂಖ್ಯೆ ಮೈಸೂರಿನದಕ್ಕಿಂತ ಜಾಸ್ತಿ ಬಂದರೆ ಅದು ಮೋಸ ಅಲ್ಲ.

ಫುಟಿಂಗ್: ಕಾಂಕ್ರೀಟ್ ಲೆಕ್ಕವೇ ಕೈಕೊಡುತ್ತದೆ

ಫುಟಿಂಗಿನಲ್ಲಿ ಕಬ್ಬಿಣ ಸರಳ. ಕೆಳಗೆ ಒಂದು ಜಾಲರಿ ಅಷ್ಟೇ. ತಪ್ಪು ಆಗುವುದು ಕಾಂಕ್ರೀಟ್ ಅಳೆಯುವಾಗ.

ನಮ್ಮ ಫುಟಿಂಗ್ 1.5 × 1.5 ಮೀಟರ್. ಅಂಚಿನಲ್ಲಿ 200 ಎಂಎಂ ದಪ್ಪ, ಪಿಲ್ಲರಿನ ಹತ್ತಿರ 450 ಎಂಎಂ, ನಡುವೆ ಇಳಿಜಾರು. ಕೆಳಗಿನ ಚೌಕ 0.45 ಕ್ಯೂಬಿಕ್ ಮೀಟರ್, ಮೇಲಿನ ಇಳಿಜಾರು ಭಾಗ 0.27, ಒಟ್ಟು 0.72 ಹತ್ತಿರ. ಕಬ್ಬಿಣ 12 ಎಂಎಂ 150 ಎಂಎಂಗೊಂದು, ಎರಡೂ ದಿಕ್ಕಿಗೆ. ಎರಡೂ ಕಡೆ ಕಂಬಿಯ ಹೊರಗೆ 50 ಎಂಎಂ ಕಾಂಕ್ರೀಟ್ ಕವರ್ ಬಿಟ್ಟರೆ ಒಂದು ದಿಕ್ಕಿಗೆ 11 ಕಂಬಿ, ಒಟ್ಟು 22. ತುದಿಯ ಬಾಗು ಸೇರಿ ಒಂದೊಂದು 1.7 ಮೀಟರ್. ತೂಕ 33 ಕೆಜಿ. ಭಾಗಿಸಿದರೆ 46.

ಇಳಿಜಾರನ್ನು ಮರೆತು ಇಡೀ ಫುಟಿಂಗ್ 450 ಎಂಎಂ ದಪ್ಪದ ಪೆಟ್ಟಿಗೆ ಎಂದು ಲೆಕ್ಕ ಹಾಕಿದರೆ ಕಾಂಕ್ರೀಟ್ 1.01 ಆಗಿ, ಉತ್ತರ 33ಕ್ಕೆ ಇಳಿಯುತ್ತದೆ. ಇಳಿಜಾರನ್ನು ಸರಿಯಾಗಿ ಹಿಡಿದು, ಕೆಳಗಿನ ಪಿಸಿಸಿ ಬೆಡ್ಡನ್ನು ಸೇರಿಸಿಬಿಟ್ಟರೂ 32 ಬರುತ್ತದೆ. ಪಿಸಿಸಿಯಲ್ಲಿ ಕಬ್ಬಿಣ ಇಲ್ಲ, ಹಾಗಾಗಿ ಅದನ್ನು ಈ ಲೆಕ್ಕದಿಂದ ಹೊರಗಿಡಿ. ಫುಟಿಂಗಿಗೆ ಕಬ್ಬಿಣ ಕಡಿಮೆ ಹಾಕಿದ್ದಾರೆ ಅನ್ನುವ ದೂರುಗಳಲ್ಲಿ ಎಷ್ಟೋ ಸಲ ಕಬ್ಬಿಣ ಸರಿಯಾಗಿಯೇ ಇರುತ್ತದೆ, ಕಾಂಕ್ರೀಟ್ ಅಳತೆ ಜಾಸ್ತಿ ಆಗಿರುತ್ತದೆ. ಹೀಗೆ ಜಾಸ್ತಿ ಬರೆದ ಕಾಂಕ್ರೀಟಿಗೂ ದುಡ್ಡು ಕೊಡಬೇಕಾಗುತ್ತದೆ ಅನ್ನುವುದು ಬೇರೆ ಮಾತು. ಒಟ್ಟಿನಲ್ಲಿ ಈ ಪರೀಕ್ಷೆ ಕಬ್ಬಿಣದ ತಪ್ಪನ್ನಷ್ಟೇ ಅಲ್ಲ, ಕಾಂಕ್ರೀಟಿನ ತಪ್ಪನ್ನೂ ಹಿಡಿಯುತ್ತದೆ.

ಇನ್ನೊಂದು, ಪಿಲ್ಲರ್ ಕಂಬಿಯ ಬುಡ ಫುಟಿಂಗಿನೊಳಗೆ ಎಲ್ ಆಕಾರದಲ್ಲಿ ಕೂತಿರುತ್ತದೆ. ಅಷ್ಟು ಭಾಗವನ್ನು ಫುಟಿಂಗಿಗೆ ಸೇರಿಸಿದರೆ 46 ಹೋಗಿ 56 ಆಗುತ್ತದೆ. ಕೆಲವರು ಇದನ್ನು ಪಿಲ್ಲರಿಗೆ ಬರೆಯುತ್ತಾರೆ. ಎಲ್ಲಿ ಬರೆದರೂ ಒಂದೇ ಕಡೆ ಬರೆದಿರಲಿ. ಮನೆಗಳ ಬಿಡಿ ಫುಟಿಂಗಿಗೆ 40ರಿಂದ 70 ಅಂತಿಟ್ಟುಕೊಳ್ಳಿ.

ಸಂಖ್ಯೆ ಎಷ್ಟು ಪಟ್ಟು ತಪ್ಪಿದೆ ನೋಡಿ

ಒಂದು ಭಾಗದ ಸಂಖ್ಯೆ ಹೊರಗೆ ಬಿದ್ದಿದೆ ಅಂತಿಟ್ಟುಕೊಳ್ಳಿ. ಇಡೀ ಬಿಬಿಎಸ್ ಓದಲು ಕೂರಬೇಡಿ. ಬರಬೇಕಾಗಿದ್ದ ಸಂಖ್ಯೆಯಿಂದ ಬಂದ ಸಂಖ್ಯೆಯನ್ನು ಭಾಗಿಸಿ, ಎಷ್ಟು ಪಟ್ಟು ಎಂದು ನೋಡಿ. ತಪ್ಪು ಯಾವುದು ಎಂದು ಆ ಪಟ್ಟೇ ಹೇಳುತ್ತದೆ.

ಸರಿಯಾಗಿ 2 ಪಟ್ಟು ಇದ್ದರೆ ಆ ಭಾಗದ ಸಾಲುಗಳೆಲ್ಲ ಎರಡು ಸಲ ಬಂದಿವೆ. ಇಲ್ಲವೇ ಎರಡು ದಿಕ್ಕಿನ ಕಂಬಿಯನ್ನೂ ಸೇರಿಸಿದ ಮೇಲೆ ಮತ್ತೆ ಎರಡರಿಂದ ಗುಣಿಸಿದ್ದಾರೆ. 1.56 ಪಟ್ಟು ಇದ್ದರೆ 8 ಎಂಎಂ ಕಂಬಿಗೆ 10 ಎಂಎಂ ತೂಕ ಹಾಕಿದ್ದಾರೆ. 10ರ ಜಾಗದಲ್ಲಿ 12 ಬರೆದರೆ 1.44 ಪಟ್ಟು, 12ರ ಜಾಗದಲ್ಲಿ 16 ಬರೆದರೆ 1.78 ಪಟ್ಟು. ಭಾಗದ ಎಲ್ಲ ಕಂಬಿಯೂ ತಪ್ಪಿದ್ದರೆ ಮಾತ್ರ ಪೂರ್ತಿ ಇಷ್ಟು ಬರುತ್ತದೆ. ಒಂದು ದಿಕ್ಕಿನದ್ದು ಮಾತ್ರ ತಪ್ಪಿದ್ದರೆ ಅದಕ್ಕಿಂತ ಕಡಿಮೆ ಕಾಣುತ್ತದೆ. ಸಂಖ್ಯೆ ಎರಡು ಮೂರು ಕೆಜಿಯಷ್ಟೇ ಬಂದರೆ ಕಾಂಕ್ರೀಟ್ ಕ್ಯೂಬಿಕ್ ಅಡಿಯಲ್ಲಿದೆ ಅಂತ ಅರ್ಥ. ಒಂದು ಕ್ಯೂಬಿಕ್ ಮೀಟರಿಗೆ 35.3 ಕ್ಯೂಬಿಕ್ ಅಡಿ. ಅಡಿ ಲೆಕ್ಕದ ಮೇಸ್ತ್ರಿ, ಮೀಟರ್ ಲೆಕ್ಕದ ಎಂಜಿನಿಯರ್ ಇಬ್ಬರೂ ಇರುವ ಸೈಟಿನಲ್ಲಿ ಇದು ಆಗುತ್ತಲೇ ಇರುತ್ತದೆ.

ಹತ್ತು ಪರ್ಸೆಂಟ್ ಆಚೆ ಈಚೆ ಇದ್ದರೆ ಸುಮ್ನೆ ಬಿಟ್ಟುಬಿಡಿ. ಈ ಪರೀಕ್ಷೆ ಅಷ್ಟು ಸೂಕ್ಷ್ಮ ಅಲ್ಲ. ಮೂವತ್ತು ಪರ್ಸೆಂಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕಾರಣ ಸಿಗುವ ತನಕ ಬಿಡಬೇಡಿ. ನಾನು ಇಲ್ಲಿ ಹೇಳಿದ ಮಿತಿಗಳು ಸಾಧಾರಣ ಮನೆಗಳವು. ನೀರಿನ ತೊಟ್ಟಿಯ ಗೋಡೆ, ಉದ್ದನೆಯ ಬಾಲ್ಕನಿ, ಕೆಳಗೆ ಕಾರು ನಿಲ್ಲಿಸಲು ನಡುವೆ ಪಿಲ್ಲರ್ ಇಲ್ಲದೆ ಬಿಟ್ಟ ಬೀಮ್, ಇವುಗಳಲ್ಲಿ ಸಂಖ್ಯೆ ಮೇಲೆಯೇ ಇರುತ್ತದೆ. ಅವನ್ನು ಉಳಿದವುಗಳ ಜೊತೆ ಬೆರೆಸದೆ ಬೇರೆ ಸಾಲಿನಲ್ಲಿ ಬರೆಸಿ.

ಬಾಲ್ಕನಿ ಅಂದಾಗ ಈ ಪರೀಕ್ಷೆ ಎಲ್ಲಿ ಕುರುಡು ಅನ್ನುವುದನ್ನೂ ಹೇಳಬೇಕು. ಗೋಡೆಯಿಂದ ಹೊರಗೆ ಚಾಚಿದ ಸ್ಲ್ಯಾಬಿನಲ್ಲಿ ಮುಖ್ಯ ಕಂಬಿ ಮೇಲ್ಭಾಗದಲ್ಲಿರಬೇಕು. ಅದನ್ನು ಕೆಳಗೆ ಕಟ್ಟಿದರೂ ಕೆಜಿ ಲೆಕ್ಕದಲ್ಲಿ ಒಂದಿಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಸರಿಯಾಗಿ ಮೇಲೆ ಕಟ್ಟಿದ ಕಂಬಿ ಕಾಂಕ್ರೀಟ್ ಹಾಕುವವರ ಕಾಲಡಿ ತುಳಿದು ಕೆಳಗೆ ಹೋದರೂ ಅಷ್ಟೇ. ಸಂಖ್ಯೆ 80 ಬಂತು ಅಂತ ಸಮಾಧಾನ ಪಟ್ಟು ಕೂರಬೇಡಿ. ಅಲ್ಲಿ ಮೇಲಿನ ಕಂಬಿಯನ್ನು ಎತ್ತಿ ಹಿಡಿಯುವ ಕಂಬಿಯ ಚೇರ್ ಇಟ್ಟಿದ್ದಾರಾ ಎಂದು ಸೆಂಟ್ರಿಂಗ್ ಮೇಲೆ ಹತ್ತಿ ಕಣ್ಣಾರೆ ನೋಡಬೇಕು.

ಕೊನೆಗೆ ತೂಕದ ಚೀಟಿ

ಬಿಬಿಎಸ್ ಸರಿ ಇದೆ ಅಂತಾಯಿತು. ಈಗ ಲಾರಿಯಲ್ಲಿ ಬಂದ ಕಬ್ಬಿಣವನ್ನು ಅದರ ಜೊತೆ ಹೋಲಿಸಿ. ಕೊಂಡ ತೂಕ ಬಿಬಿಎಸ್‌ಗಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. 12 ಮೀಟರ್ ಕಂಬಿ ಕತ್ತರಿಸಿ ಉಳಿದ ತುಂಡು, ಚೇರ್, ಇವಕ್ಕೆಲ್ಲ ಮೂರರಿಂದ ಐದು ಪರ್ಸೆಂಟ್ ಬಿಡಬಹುದು. ನಮ್ಮ ಮೌಲ್ಡಿನ 1,750 ಕೆಜಿಗೆ 1,840ರ ತನಕ ಬಂದರೆ ಪ್ರಶ್ನೆ ಇಲ್ಲ. 2,000 ಬಂದರೆ ಉಳಿದ ಕಂಬಿ ಎಲ್ಲಿದೆ ತೋರಿಸಿ ಎಂದು ಕೇಳುವುದು ನ್ಯಾಯ.

ಕಂಬಿಯೇ ತೆಳ್ಳಗೆ ಬಂದಿದೆಯಾ ಅನ್ನುವುದನ್ನೂ ಮನೆಯಲ್ಲೇ ನೋಡಬಹುದು. ಐಎಸ್ 1786 ಪ್ರಕಾರ 10 ಎಂಎಂ ತನಕದ ಕಂಬಿಯ ತೂಕ ಹೇಳಿದ್ದಕ್ಕಿಂತ ಏಳು ಪರ್ಸೆಂಟ್ ಹೆಚ್ಚು ಕಡಿಮೆ ಇರಬಹುದು. 12 ಮತ್ತು 16 ಎಂಎಂಗೆ ಐದು ಪರ್ಸೆಂಟ್, ಅದಕ್ಕಿಂತ ದಪ್ಪ ಇದ್ದರೆ ಮೂರು. ಬೇರೆ ಬೇರೆ ಕಟ್ಟಿನಿಂದ 10 ಎಂಎಂ ಕಂಬಿಯ ಒಂದೊಂದು ಮೀಟರ್ ತುಂಡು ನಾಲ್ಕೈದು ತೆಗೆದು ಅಂಗಡಿಯ ತಕ್ಕಡಿಯಲ್ಲಿ ಇಡಿ. ಒಂದಕ್ಕೆ 617 ಗ್ರಾಂ ಬರಬೇಕು. ಸರಾಸರಿ 574 ಗ್ರಾಮಿಗಿಂತ ಕೆಳಗಿದ್ದರೆ ಮಾಲನ್ನು ಬಳಸದೆ ಅಂಗಡಿಯವರಿಗೆ ಹೇಳಿ. ತೂಕದ ಲೆಕ್ಕದಲ್ಲಿ ಕೊಂಡಿದ್ದರೆ ನಿಮಗೆ ದುಡ್ಡಿನ ನಷ್ಟ ಇಲ್ಲ, ಆದರೆ ಪ್ರತಿ ಕಂಬಿಯೂ ಎಂಜಿನಿಯರ್ ಲೆಕ್ಕ ಹಾಕಿದ್ದಕ್ಕಿಂತ ತೆಳ್ಳಗಿದೆ. ಕಂಬಿ ಎಣಿಸಿ, ಸೂತ್ರದ ತೂಕ ಹಾಕಿ ಬಿಲ್ ಮಾಡಿದ್ದರೆ ದುಡ್ಡೂ ಹೋಯಿತು. ಅದಕ್ಕೇ ಕಬ್ಬಿಣವನ್ನು ವೇ ಬ್ರಿಡ್ಜ್ ಚೀಟಿಯ ಮೇಲೆಯೇ ಕೊಳ್ಳಿ, ತುಂಬಿದ ಲಾರಿಯ ತೂಕ ಮತ್ತು ಖಾಲಿ ಲಾರಿಯ ತೂಕ ಎರಡೂ ಒಂದೇ ವೇ ಬ್ರಿಡ್ಜಿನಲ್ಲಿ ಆಗಿರಲಿ, ಒಂದೊಂದು ದಪ್ಪದ ಕಟ್ಟು ಎಷ್ಟು ಬಂತು ಎಂದು ಚೀಟಿಯ ಹಿಂದೆ ಅವತ್ತೇ ಬರೆದಿಡಿ.